ಶಫಲ್ ಮಾಡುವಾಗ ಯಾವ ಇಂಡೆಕ್ಸ್ ಜೊತೆ ಬೇಕಾದರೂ ಅದಲುಬದಲು ಮಾಡಿದರೆ ತಪ್ಪೇನು? 90 ನಂಬರಿನ ತಂಬೋಲಾ ಲೆಕ್ಕ

ಹಂಚಿನಮನೆ

ತಂಬೋಲಾದಲ್ಲಿ ನಂಬರ್ ಕೂಗೋಕೆ ಒಂದು ಸಣ್ಣ ಪೇಜ್ ಬರೀತಿದೀನಿ. 1ರಿಂದ 90ರ ತನಕ ಅರೇಯಲ್ಲಿ ತುಂಬೋದು, ಆಟ ಶುರುವಾಗೋ ಮೊದಲು ಒಂದು ಸಲ ಶಫಲ್ ಮಾಡೋದು, ಆಮೇಲೆ ಮೊದಲಿನಿಂದ ಒಂದೊಂದೇ ಕೂಗ್ತಾ ಹೋಗೋದು. ಶಫಲ್ ಇಷ್ಟೇ:

```js
for (let i = 0; i < a.length; i++) {
  const j = Math.floor(Math.random() * a.length);
  [a[i], a[j]] = [a[j], a[i]];
}
```

ಇದನ್ನ ನೋಡಿದವರೊಬ್ಬರು "ಇದು ಸಮವಾಗಿ ಕಲೆಸಲ್ಲ, ಫಿಶರ್-ಯೇಟ್ಸ್ ಹಾಕು" ಅಂದು ಹೋಗಿಬಿಟ್ರು, ಯಾಕೆ ಅಂತ ಹೇಳಲಿಲ್ಲ. ನಾನು ಒಂದು ಲಕ್ಷ ಸಲ ಓಡಿಸಿ, 1 ಅನ್ನೋ ನಂಬರ್ ಯಾವ್ಯಾವ ಜಾಗಕ್ಕೆ ಎಷ್ಟು ಸಲ ಹೋಗುತ್ತೆ ಅಂತ ಎಣಿಸಿದೆ. 90 ಜಾಗಕ್ಕೂ ಹತ್ತಿರಹತ್ತಿರ 1,111 ಬಂತು. ಹಾಗಾದ್ರೆ ತಪ್ಪು ಎಲ್ಲಿದೆ?

ಗುಂಡ್ಮಿ_ಲೂಪ್

ತಪ್ಪು ಎಂತದ್ದೂ ಇಲ್ಲ ಮಾರಾಯ್ರೆ. ಪ್ರತಿ ಸುತ್ತಿನಲ್ಲೂ 90 ಜಾಗಕ್ಕೆ ಸಮಾನ ಅವಕಾಶ ಉಂಟಲ್ಲ, ಮತ್ತೆ ಪಕ್ಷಪಾತ ಎಲ್ಲಿಂದ ಬರ್ಬೇಕು? ಫಿಶರ್-ಯೇಟ್ಸ್‌ನಲ್ಲಿ ಆಯ್ಕೆ ಕಡಿಮೆಯಾಗ್ತಾ ಹೋಗ್ತದೆ, ಕೊನೆಗೆ ಎರಡೇ ಜಾಗ ಉಳಿಯೋದು. ನಿಮ್ಮದರಲ್ಲಿ ಕೊನೆಯವರೆಗೂ 90 ಆಯ್ಕೆ. ಜಾಸ್ತಿ ಕಲೆಸಿದ್ರೆ ಜಾಸ್ತಿ ಒಳ್ಳೇದೇ ಅಲ್ವಾ?

ಕವಲುದಾರಿ

"ಪ್ರತಿ ಸುತ್ತಿನಲ್ಲೂ ಸಮಾನ ಅವಕಾಶ" ಎನ್ನುವುದು ನಿಜ. ಆದರೆ ನಮಗೆ ಬೇಕಾದದ್ದು ಸುತ್ತಿನ ಸಮಾನತೆಯಲ್ಲ, ಕೊನೆಗೆ ಕೈಗೆ ಬರುವ ಕ್ರಮಗಳ ಸಮಾನತೆ. 90 ದೊಡ್ಡದಾಯಿತು, ಮೂರೇ ಅಂಶ ಇಟ್ಟುಕೊಂಡು ಕಾಗದದ ಮೇಲೆ ಎಣಿಸಿಬಿಡೋಣ.

ಅರೇ `abc`. ಲೂಪ್ ಮೂರು ಸಲ ಓಡುತ್ತದೆ, ಪ್ರತಿ ಸಲ `j`ಗೆ ಮೂರು ಆಯ್ಕೆ. ಒಟ್ಟು 3×3×3 = 27 ದಾರಿಗಳು, ಎಲ್ಲಕ್ಕೂ ಒಂದೇ ತೂಕ. ಮೂರು ಅಕ್ಷರಗಳನ್ನು ಜೋಡಿಸಬಹುದಾದ ಕ್ರಮಗಳು ಆರು. 27 ದಾರಿಗಳನ್ನು ಆರು ಕ್ರಮಗಳಿಗೆ ಸಮವಾಗಿ ಹಂಚಿ ನೋಡಿ: ತಲೆಗೆ ನಾಲ್ಕೂವರೆ. ಅರ್ಧ ದಾರಿ ಅಂತ ಒಂದಿಲ್ಲವಲ್ಲ. ಯಾರಿಗೋ ಹೆಚ್ಚು, ಯಾರಿಗೋ ಕಡಿಮೆ ಆಗಲೇಬೇಕು. ಒಂದೊಂದೇ ದಾರಿ ಹಿಡಿದು ಹೋದರೆ ಸಿಗುವ ಲೆಕ್ಕ ಇದು:

```
abc 4    acb 5    bac 5
bca 5    cab 4    cba 4
```

ಈಗ ಫಿಶರ್-ಯೇಟ್ಸ್. ಕೊನೆಯ ಜಾಗದಿಂದ ಶುರು. `i = 2` ಇದ್ದಾಗ `j`ಗೆ 0, 1, 2 ಎಂದು ಮೂರು ಆಯ್ಕೆ: `cba`, `acb`, `abc`. ಇಲ್ಲಿಗೆ ಕೊನೆಯ ಜಾಗದ ಅಕ್ಷರ ತೀರ್ಮಾನವಾಯಿತು, ಇನ್ನು ಅದನ್ನು ಮುಟ್ಟುವುದಿಲ್ಲ. `i = 1` ಇದ್ದಾಗ ಎರಡೇ ಆಯ್ಕೆ, ಮೊದಲೆರಡನ್ನು ಅದಲುಬದಲು ಮಾಡುವುದು ಅಥವಾ ಹಾಗೇ ಬಿಡುವುದು. `cba`ಯಿಂದ `bca` ಮತ್ತು `cba`, `acb`ಯಿಂದ `cab` ಮತ್ತು `acb`, `abc`ಯಿಂದ `bac` ಮತ್ತು `abc`. ಆರು ದಾರಿ, ಆರು ಕ್ರಮ, ಒಂದಕ್ಕೊಂದು ಜೋಡಿ. ಆಯ್ಕೆ ಕಡಿಮೆಯಾಗುತ್ತಾ ಹೋಗುವುದು ದೋಷವಲ್ಲ, ಅದೇ ಇದರ ಗುಟ್ಟು.

ಗುಂಡ್ಮಿ_ಲೂಪ್

ಮೂರಕ್ಕೆ ಸರಿ, ಒಪ್ಪಿದೆ. ಆದ್ರೆ 27 ಮತ್ತು 6 ಭಾಗವಾಗದೇ ಇದ್ದದ್ದು ಕಾಕತಾಳೀಯ ಇರ್ಬಹುದು. 90ಕ್ಕೆ ಭಾಗವಾದ್ರೆ?

ಕವಲುದಾರಿ

ಆಗುವುದಿಲ್ಲ. 90 ಅಂಶಗಳ ಕ್ರಮಗಳ ಸಂಖ್ಯೆ 90×89×88×…×1. ಅದರಲ್ಲಿ 89 ಇದೆ, ಅದು ಅವಿಭಾಜ್ಯ. ದಾರಿಗಳ ಸಂಖ್ಯೆ 90ನ್ನು 90 ಸಲ ಗುಣಿಸಿದ್ದು, ಅದರೊಳಗೆ 2, 3, 5 ಬಿಟ್ಟು ಬೇರೆ ಅವಿಭಾಜ್ಯವೇ ಇಲ್ಲ. 89ರಿಂದ ಭಾಗವಾಗುವ ಮಾತೇ ಇಲ್ಲ. ಬೇರೆ ಯಾವ n ಹಿಡಿದರೂ ಇದೇ ಕಥೆ: n ಮತ್ತು n−1ಕ್ಕೆ 1 ಬಿಟ್ಟು ಸಾಮಾನ್ಯ ಅಪವರ್ತನ ಇರುವುದಿಲ್ಲ, ಹಾಗಾಗಿ n ಮೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ n−1 ಯಾವತ್ತೂ ಅಡ್ಡ ನಿಲ್ಲುತ್ತದೆ. ಎರಡೇ ಅಂಶ ಇದ್ದಾಗ ಮಾತ್ರ ನಾಲ್ಕು ದಾರಿ, ಎರಡು ಕ್ರಮ, ತಲಾ ಎರಡು. ಅಲ್ಲಿ ಆ ತಪ್ಪು ಲೂಪ್ ಕೂಡ ಸರಿಯಾಗಿಯೇ ಕೆಲಸ ಮಾಡುತ್ತದೆ. ಎರಡು ಅಂಶದ ಅರೇ ಇಟ್ಟು ಯೂನಿಟ್ ಟೆಸ್ಟ್ ಬರೆದವರು ಮೋಸಹೋಗುವುದು ಹೀಗೆ.

ಧಾರವಾಡ_ಪೇಢಾ

ಭಾಗಾಕಾರದ ಮಾತು ಖರೇ ಅದ. ಆದ್ರ ಅದರಿಂದ ಗೊತ್ತಾಗೂದು "ಪೂರ್ತಿ ಸಮ ಇಲ್ಲ" ಅನ್ನೂದಷ್ಟ. ಎಷ್ಟು ಸಮ ಇಲ್ಲ ಅನ್ನೂದು ಗೊತ್ತಾಗಂಗಿಲ್ಲ. ಹಂಚಿನಮನೆಯವರು ಲಕ್ಷ ಸಲ ಓಡಿಸ್ಯಾರ, 1ನೇ ನಂಬರ್ ಎಲ್ಲಾ ಕಡೆ ಸಮ ಬಂದದ. ಅದಕ್ಕೇನಂತೀರಿ?

ಕವಲುದಾರಿ

ಒಳ್ಳೆಯ ಪ್ರಶ್ನೆ. ಅವರ ಎಣಿಕೆ ಸರಿ, ಎಣಿಸಿದ ನಂಬರ್ ಮಾತ್ರ ತಪ್ಪು. ಈ ಲೂಪ್‌ನಲ್ಲಿ ಮೊದಲ ಅಂಶ ಯಾವಾಗಲೂ ಸಮವಾಗಿಯೇ ಹರಡುತ್ತದೆ. ಮೊದಲ ಸುತ್ತಿನಲ್ಲೇ ಅದು 90ರಲ್ಲಿ ಯಾವುದೋ ಜಾಗಕ್ಕೆ ಸಮಾನ ಸಾಧ್ಯತೆಯಲ್ಲಿ ಹೋಗುತ್ತದೆ, ಆಮೇಲಿನ ಅದಲುಬದಲುಗಳು ಆ ಸಮತೆಯನ್ನು ಕೆಡಿಸುವುದಿಲ್ಲ. ಮೇಲಿನ `abc` ಪಟ್ಟಿಯಲ್ಲೇ ನೋಡಿ: `a` ಮೊದಲ ಜಾಗದಲ್ಲಿ 9 ಸಲ, ನಡುವೆ 9, ಕೊನೆಯಲ್ಲಿ 9. ಅದೇ ರೀತಿ ಕೊನೆಯ *ಜಾಗ*ವೂ ಸಮ, ಯಾಕೆಂದರೆ ಕೊನೆಯ ಸುತ್ತು ಅಲ್ಲಿಗೆ ಯಾರನ್ನು ಬೇಕಾದರೂ ಸಮವಾಗಿ ಎಳೆದು ತರುತ್ತದೆ. ಜನ ಸಾಮಾನ್ಯವಾಗಿ ಪರೀಕ್ಷೆ ಮಾಡುವುದು ಈ ಎರಡನ್ನೇ, ಎರಡೂ ಪಾಸು.

`b`ಯನ್ನು ಎಣಿಸಿ. ಮೊದಲ ಜಾಗದಲ್ಲಿ 10, ನಡುವೆ 8, ಕೊನೆಯಲ್ಲಿ 9. `c` ಮೊದಲ ಜಾಗದಲ್ಲಿ 8, ನಡುವೆ 10, ಕೊನೆಯಲ್ಲಿ 9. ಪಕ್ಷಪಾತ ಅಡಗಿರುವುದು ಅಲ್ಲಿ.

ಈಗ ತಂಬೋಲಾಕ್ಕೆ ಬರೋಣ. "ಮೊದಲು ಕೂಗುವ ನಂಬರ್ ಯಾವುದು" ಎಂದು ಕೇಳೋಣ, ಅಂದರೆ ಇಂಡೆಕ್ಸ್ 0ಕ್ಕೆ ಯಾರು ಬಂದು ನಿಲ್ಲುತ್ತಾರೆ. ಇಂಡೆಕ್ಸ್ `k`ಯಲ್ಲಿ ಕೂತಿರುವ ನಂಬರ್ ಅಲ್ಲಿಗೆ ಬರಲು ಎರಡೇ ಬಗೆ. ಒಂದು: ಮೊದಲ ಸುತ್ತಿನಲ್ಲೇ ಅದನ್ನು 0ಗೆ ಎಳೆದುಕೊಂಡರು, ಆಮೇಲಿನ 89 ಸುತ್ತಿನಲ್ಲಿ ಯಾರೂ ಅದನ್ನು ಅಲ್ಲಿಂದ ಎಬ್ಬಿಸಲಿಲ್ಲ. ಎರಡು: ತನ್ನದೇ ಸುತ್ತು ಬರುವ ತನಕ ಯಾರೂ ಅದನ್ನು ಮುಟ್ಟಲಿಲ್ಲ, ತನ್ನ ಸುತ್ತಿನಲ್ಲಿ ಅದು ಎಲ್ಲಾ ಜಾಗಕ್ಕೂ ಸಮವಾಗಿ ಹರಡಿತು. ಹಾಗೆ ಒಮ್ಮೆ ಹರಡಿದ್ದು ಕೊನೆತನಕ ಸಮವಾಗಿಯೇ ಇರುತ್ತದೆ. ಇವೆರಡೂ ಅಲ್ಲದೆ, ತನ್ನ ಸುತ್ತಿಗೆ ಮುಂಚೆ ಮಧ್ಯದ ಯಾವುದೋ ಜಾಗಕ್ಕೆ ಎಳೆಸಿಕೊಂಡ ನಂಬರ್ ಮುಂದಕ್ಕಷ್ಟೇ ಸರಿಯಬಲ್ಲದು, 0ಗೆ ಮರಳಿ ಬರುವುದಿಲ್ಲ. ಎರಡನ್ನೂ ಕೂಡಿಸಿದರೆ:

```
P(k -> 0) = (q^(n-1) + q^k) / n      q = 1 - 1/n,  k >= 1
```

n = 90 ಹಾಕಿ, ಒಂದು ಲಕ್ಷ ಆಟಕ್ಕೆ ಲೆಕ್ಕ ಹಿಡಿಯಿರಿ. ನ್ಯಾಯವಾಗಿ ಪ್ರತಿ ನಂಬರೂ ಸುಮಾರು 1,111 ಸಲ ಮೊದಲು ಬರಬೇಕು. 1 ಹಾಗೇ ಬರುತ್ತದೆ. ಆದರೆ 2 ಮೊದಲು ಬರುವುದು ಸುಮಾರು 1,510 ಸಲ, 90 ಬರುವುದು ಸುಮಾರು 822 ಸಲ. 2ರಿಂದ 90ರವರೆಗೆ ಇದು ಇಳಿಯುತ್ತಲೇ ಹೋಗುತ್ತದೆ. 42ರ ತನಕದ ನಂಬರುಗಳಿಗೆ ನ್ಯಾಯಕ್ಕಿಂತ ಹೆಚ್ಚು, 43ರಿಂದ ಆಚೆಗೆ ಕಡಿಮೆ.

ಹಂಚಿನಮನೆ

ಎಣಿಸಿ ನೋಡಿದೆ. 2 ಮೊದಲ ಜಾಗಕ್ಕೆ ಬಂದದ್ದು 1,500ರ ಆಸುಪಾಸು, 90 ಬಂದದ್ದು 820ರ ಆಸುಪಾಸು. ನಾನು 1ನ್ನೇ ಹಿಡ್ಕೊಂಡು ಕೂತಿದ್ದೆ 😐

ಧಾರವಾಡ_ಪೇಢಾ

ಹಂಗಂದ್ರ 2 ಮೊದಲ ಬರೂದು 90ರ ಹತ್ತಿರಹತ್ತಿರ ಎರಡು ಪಟ್ಟು. ಇದು ಸಣ್ಣ ಮಾತಲ್ಲ ಬಿಡ್ರಿ.

ಪರೀಕ್ಷೆ ಮಾಡಾವ್ರಿಗೆ ಒಂದು ಮಾತು. ಲಕ್ಷ ಆಟಕ್ಕ 1,111 ಬರಬೇಕಾದಲ್ಲಿ ಬರೇ ಅದೃಷ್ಟದಿಂದ 33ರಷ್ಟು ಅತ್ತಿತ್ತ ಆಗೂದು ಸಹಜ, 66 ಆದ್ರೂ ಗಾಬರಿ ಬ್ಯಾಡ. 400 ಹೆಚ್ಚು ಬಂದ್ರ ಅದು ಅದೃಷ್ಟ ಅಲ್ಲ. ಆದ್ರ ಸಾವಿರ ಆಟ ಅಷ್ಟ ಓಡಿಸಿದ್ರ 11 ಬರೂದು 15 ಬಂದಂಗ ಆಗತದ, ಅದೃಷ್ಟದ ಏರಿಳಿತನ 3ರಷ್ಟಿರತದ, ಏನೂ ತಿಳಿಯಂಗಿಲ್ಲ. 90×90 ಪಟ್ಟಿ ಮಾಡಿ, ಯಾವ ನಂಬರ್ ಯಾವ ಜಾಗಕ್ಕ ಎಷ್ಟು ಸಲ ಹೋತು ಅಂತ ಪೂರಾ ತುಂಬ್ರಿ, ಒಂದ ಸಾಲು ನೋಡಿ ಬಿಡಬ್ಯಾಡ್ರಿ. ಇನ್ನೂ ಸುಲಭ ಬೇಕಂದ್ರ ಮೂರ ಅಂಶ ಇಟ್ಟು 27,000 ಸಲ ಓಡಿಸ್ರಿ. ಸರಿ ಇದ್ರ ಆರೂ ಕ್ರಮ 4,500ರ ಹತ್ತಿರ, ತಪ್ಪಿದ್ರ ಮೂರು 4,000, ಮೂರು 5,000. ಕಣ್ಣಿಗೆ ಹೊಡದಂಗ ಕಾಣತದ.

ಕವಲುದಾರಿ

ಸರಿಯಾಗಿ ಹೇಳಿದಿರಿ. ಒಂದೇ ಎಚ್ಚರಿಕೆ: ಜಾಗದ ಪಟ್ಟಿ ಪೂರಾ ಸಮ ಬಂದರೂ ಶಫಲ್ ಸರಿ ಇದೆ ಎಂದು ಸಾಬೀತಾಗುವುದಿಲ್ಲ. ಅರೇಯನ್ನು ಸುಮ್ಮನೆ ಯಾವುದೋ ಒಂದು ಜಾಗದಿಂದ ಸುತ್ತಿಬಿಟ್ಟರೆ, ಅಂದರೆ `abc`, `bca`, `cab` ಮೂರನ್ನೇ ಕೊಟ್ಟರೆ, ಜಾಗದ ಪಟ್ಟಿ ಅಚ್ಚುಕಟ್ಟು ಸಮ. ಉಳಿದ ಮೂರು ಕ್ರಮಗಳು ಮಾತ್ರ ಹುಟ್ಟುವುದೇ ಇಲ್ಲ. ಹಾಗಾಗಿ ಸಣ್ಣ n ಇಟ್ಟು ಪೂರ್ತಿ ಕ್ರಮಗಳನ್ನೇ ಎಣಿಸುವ ಆ ಎರಡನೇ ಪರೀಕ್ಷೆಯೇ ಗಟ್ಟಿ.

ಗುಂಡ್ಮಿ_ಲೂಪ್

ಆಯ್ತು, ನನ್ನದು ತಪ್ಪೇ. ಆದ್ರೆ ಇದೇ ಲೂಪನ್ನು ಎರಡು ಸಲ ಓಡಿಸಿದ್ರೆ ಸಾಕಲ್ವಾ? ಇಸ್ಪೀಟ್ ಎಲೆಯನ್ನು ನಾವು ಒಂದೇ ಸಲ ಕಲೆಸ್ತೇವಾ?

ಕವಲುದಾರಿ

ಇದರಲ್ಲಿ ನಿಮ್ಮದು ಅರ್ಧ ಸರಿ. ಮೂರು ಅಂಶಕ್ಕೆ ಎರಡು ಸಲ ಓಡಿಸಿದರೆ 729 ದಾರಿ. ಆರರಿಂದ ಭಾಗಿಸಿದರೆ 121.5, ಮತ್ತೆ ಅರ್ಧ. ಎಣಿಸಿದರೆ ಮೂರು ಕ್ರಮಗಳಿಗೆ 121, ಮೂರಕ್ಕೆ 122. ಹಾಗಾಗಿ ಪಕ್ಷಪಾತ ತುಂಬಾ ಇಳಿಯಿತು, ಆದರೆ ಎಷ್ಟು ಸಲ ಓಡಿಸಿದರೂ ಸೊನ್ನೆಗೆ ಬರುವುದಿಲ್ಲ. ಒಂದು ತಮಾಷೆ ಗಮನಿಸಿ: ಲೂಪ್ ಒಂದೇ ಸಲ ಓಡಿಸಿದಾಗ ಕಡಿಮೆ ಸಿಕ್ಕಿದ್ದ `abc`, `cab`, `cba` ಈಗ ಒಂದು ಹೆಚ್ಚು ಪಡೆದಿವೆ.

ಗುಂಡ್ಮಿ_ಲೂಪ್

121 ಮತ್ತು 122! ಇಷ್ಟಕ್ಕೆ ಜಗಳ ಬೇಕಾ? ತಂಬೋಲಾ ಆಡುವವರಿಗೆ ಯಾರಿಗೆ ಗೊತ್ತಾಗ್ತದೆ?

ಕವಲುದಾರಿ

ಗೊತ್ತಾಗುವುದಿಲ್ಲ ನಿಜ. ಆದರೆ ಸರಿಯಾದದ್ದಕ್ಕೆ ಇದರ ಅರ್ಧ ಕೆಲಸ ಸಾಕು. ಎರಡು ಸಲ ಓಡಿಸುವವರು 180 ರ್‍ಯಾಂಡಮ್ ಸಂಖ್ಯೆ ಖರ್ಚು ಮಾಡಿ ಹತ್ತಿರ ಬರುತ್ತಾರೆ, ಫಿಶರ್-ಯೇಟ್ಸ್ 89 ಖರ್ಚು ಮಾಡಿ ಮುಟ್ಟುತ್ತದೆ.

ಹಂಚಿನಮನೆ

ಬದಲಾಯಿಸಿದೆ. ಇದು ಸರೀನಾ ನೋಡಿ:

```js
for (let i = a.length - 1; i > 0; i--) {
  const j = Math.round(Math.random() * i);
  [a[i], a[j]] = [a[j], a[i]];
}
```

ಧಾರವಾಡ_ಪೇಢಾ

ತಡೀರಿ ತಡೀರಿ. `Math.round` ಬ್ಯಾಡ. `i = 2` ಇಡ್ರಿ. `Math.random() * 2` ಅಂದ್ರ 0ಯಿಂದ 2ರ ಒಳಗ ಎಲ್ಲೋ ಒಂದು ಕಡೆ. ಅರ್ಧಕ್ಕಿಂತ ಕಡಿಮಿ ಇದ್ರ 0, ಅರ್ಧದಿಂದ ಒಂದೂವರಿ ತನಕ 1, ಅದರ ಮ್ಯಾಲ 2. ಅಂದ್ರ 0ಗೆ ಕಾಲು ಪಾಲು, 1ಕ್ಕ ಅರ್ಧ, 2ಕ್ಕ ಕಾಲು. ಎರಡೂ ತುದಿಗೆ ಅರ್ಧ ಊಟ ಬಡಿಸಿದಂಗಾತು. `Math.floor(Math.random() * (i + 1))` ಬರೀರಿ.

ಕವಲುದಾರಿ

ಅಷ್ಟೇ ಬದಲಾವಣೆ, ಉಳಿದದ್ದು ಸರಿ:

```js
for (let i = a.length - 1; i > 0; i--) {
  const j = Math.floor(Math.random() * (i + 1));
  [a[i], a[j]] = [a[j], a[i]];
}
```

ಆ `+ 1` ಮರೆಯಬೇಡಿ. ಮರೆತರೆ `j` ಯಾವತ್ತೂ `i`ಗೆ ಸಮ ಆಗುವುದಿಲ್ಲ, ಯಾವ ನಂಬರೂ ತನ್ನ ಜಾಗದಲ್ಲೇ ಉಳಿಯುವುದಿಲ್ಲ. `abc`ಗೆ `bca`, `cab` ಎರಡೇ ಕ್ರಮ ಸಿಗುತ್ತವೆ. ಔಟ್‌ಪುಟ್ ನೋಡಿದರೆ ಚೆನ್ನಾಗಿ ಕಲೆಸಿದ ಹಾಗೆಯೇ ಕಾಣುತ್ತದೆ, ಅದೇ ಅಪಾಯ. ನಿಜವಾದ ಶಫಲ್‌ನಲ್ಲಿ ಒಂದೆರಡು ಅಂಶ ತಮ್ಮ ಜಾಗದಲ್ಲೇ ಉಳಿಯುವುದು ಸಾಮಾನ್ಯ. n ಎಷ್ಟೇ ಇರಲಿ, ಸರಾಸರಿ ಒಂದು ಅಂಶ ಹಾಗೆ ಉಳಿಯುತ್ತದೆ.

ಎಳ್ಳುಬೆಲ್ಲ

ಅಯ್ಯೋ, ನನಗೆ ಬೇಕಾಗಿದ್ದು ಇದೇ! ಆಫೀಸಿನಲ್ಲಿ ಚೀಟಿ ಎತ್ತಿ ಒಬ್ಬರಿಗೊಬ್ಬರು ಗುಟ್ಟಾಗಿ ಉಡುಗೊರೆ ಕೊಡೋ ಆಟ. ತನ್ನ ಹೆಸರು ತನಗೇ ಬರಬಾರದು. ಶಫಲ್ ಮಾಡಿ, ಯಾರಿಗಾದರೂ ತನ್ನದೇ ಬಂದರೆ ಪುನಃ ಶಫಲ್ ಅಂತ ಬರೆದಿದ್ದೆ. `+ 1` ತೆಗೆದುಬಿಟ್ಟರೆ ಒಂದೇ ಸಲಕ್ಕೆ ಆಗುತ್ತಲ್ಲ?

ಕವಲುದಾರಿ

ಆಗುತ್ತದೆ, ಆದರೆ ಏನು ಸಿಗುತ್ತಿದೆ ಎಂದು ತಿಳಿದು ಬಳಸಿ. ಅದಕ್ಕೆ ಸಟ್ಟೋಲೋ ವಿಧಾನ ಎಂದೇ ಹೆಸರು, 1986ರಲ್ಲಿ ಪ್ರಕಟವಾದದ್ದು. ಅದು ಕೊಡುವುದು ಎಲ್ಲರೂ ಒಂದೇ ಸರಪಳಿಯಲ್ಲಿರುವ ಹಂಚಿಕೆಗಳನ್ನು ಮಾತ್ರ. ನಾಲ್ಕು ಜನ ಇದ್ದರೆ ತನ್ನ ಹೆಸರು ತನಗೆ ಬಾರದ ಹಂಚಿಕೆಗಳು 9. ಅದರಲ್ಲಿ ಒಂದೇ ಸರಪಳಿಯವು 6, ಅವು ಸಮವಾಗಿ ಬರುತ್ತವೆ. ಇಬ್ಬರಿಬ್ಬರು ಪರಸ್ಪರ ಕೊಟ್ಟುಕೊಳ್ಳುವ ಉಳಿದ 3 ಬರುವುದೇ ಇಲ್ಲ. ಅಂದರೆ ನೀವು ಯಾರಿಗೆ ಕೊಡುತ್ತಿದ್ದೀರೋ ಅವರು ನಿಮಗೆ ಕೊಡುತ್ತಿಲ್ಲ ಎಂದು ಮೊದಲೇ ಗೊತ್ತಿರುತ್ತದೆ. ಗುಟ್ಟು ಅಷ್ಟರಮಟ್ಟಿಗೆ ಸೋರಿತು. ಅದು ಬೇಡವೆಂದರೆ ನಿಮ್ಮ ಹಳೆಯ "ಪುನಃ ಶಫಲ್" ವಿಧಾನವೇ ಸರಿ, ಸರಾಸರಿ ಮೂರಕ್ಕಿಂತ ಕಡಿಮೆ ಪ್ರಯತ್ನದಲ್ಲಿ ಮುಗಿಯುತ್ತದೆ.

ಎಳ್ಳುಬೆಲ್ಲ

ಸರಪಳಿಯೇ ಇರಲಿ. ಒಬ್ಬರಿಂದ ಶುರುವಾಗಿ ಎಲ್ಲರನ್ನೂ ಸುತ್ತಿ ಬರೋದು ನೋಡೋಕೂ ಚಂದ 🙂

ಮಳೆಬಿಲ್ಲು

ಇಷ್ಟೆಲ್ಲಾ ಯಾಕೆ? `a.sort(() => Math.random() - 0.5)` ಅಂತ ಒಂದೇ ಸಾಲು. ನಾವು ಕ್ವಿಜ್‌ನಲ್ಲಿ ನಾಲ್ಕು ಆಯ್ಕೆಗಳ ಸ್ಥಾನ ಬದಲಿಸೋಕೆ ಅದನ್ನೇ ಹಾಕಿರೋದು. ಸರಿ ಉತ್ತರ ಯಾವಾಗಲೂ ಮೊದಲನೇದಾಗಿ ಸೇವ್ ಆಗಿರುತ್ತೆ, ಶಫಲ್ ಆದಮೇಲೆ ಎಲ್ಲೋ ಹೋಗಿರುತ್ತೆ.

ಕವಲುದಾರಿ

"ಎಲ್ಲೋ" ಹೋಗುತ್ತದೆ, ಆದರೆ ನಾಲ್ಕೂ ಕಡೆಗೆ ಸಮವಾಗಿ ಅಲ್ಲ. ಸಾರ್ಟ್ ಮಾಡುವ ಕೋಡ್ ನಿಮ್ಮ ಫಂಕ್ಷನ್ ಮಾತನ್ನು ನಂಬಿಕೊಂಡು ನಡೆಯುತ್ತದೆ. ಇಲ್ಲಿ ಫಂಕ್ಷನ್ ಪ್ರತಿ ಸಲ ನಾಣ್ಯ ಚಿಮ್ಮುತ್ತಿದೆ. ನಾಲ್ಕು ಅಂಶಕ್ಕೆ ಹೆಚ್ಚೆಂದರೆ ಇಂತಿಷ್ಟು ಹೋಲಿಕೆ, ಪ್ರತಿಯೊಂದೂ ಅರ್ಧಕ್ಕರ್ಧ. ಹಾಗಾಗಿ ಹೊರಬರುವ ಪ್ರತಿ ಕ್ರಮದ ಸಾಧ್ಯತೆಯೂ ಛೇದದಲ್ಲಿ 2ರ ಘಾತ ಇರುವ ಭಿನ್ನರಾಶಿ. ನಮಗೆ ಬೇಕಾದದ್ದು 1/24. 24ರಲ್ಲಿ ಒಂದು 3 ಇದೆ, ಬರೀ ಎರಡುಗಳಿಂದ ಅದು ಹುಟ್ಟುವುದಿಲ್ಲ. ಎಷ್ಟು ವಾಲುತ್ತದೆ ಎನ್ನುವುದು ಬ್ರೌಸರಿನ ಒಳಗಿನ ಸಾರ್ಟ್ ಯಾವುದು ಎನ್ನುವುದರ ಮೇಲೆ ಹೋಗುತ್ತದೆ. ಒಂದು ಬ್ರೌಸರಿನಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ.

ಇದರ ಸಾರ್ವಜನಿಕ ಉದಾಹರಣೆ 2010ರದ್ದು. ಯುರೋಪಿನಲ್ಲಿ ವಿಂಡೋಸ್ ಬಳಕೆದಾರರಿಗೆ ಮೈಕ್ರೋಸಾಫ್ಟ್ ಬ್ರೌಸರ್ ಆಯ್ಕೆಯ ಪರದೆ ತೋರಿಸಬೇಕಾಗಿ ಬಂತು. ಮೊದಲ ಐದು ಬ್ರೌಸರುಗಳ ಕ್ರಮ ಯಾರ ಕಡೆಗೂ ವಾಲಬಾರದಿತ್ತು. ಒಳಗೆ ಇದ್ದದ್ದು ನಿಮ್ಮದೇ ಸಾಲು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದರೆ ಐದರಲ್ಲಿ ಒಂದು ಸಲ ಕೊನೆಗೆ ಬರಬೇಕಾಗಿದ್ದ ಅದೇ ಬ್ರೌಸರ್ ಸುಮಾರು ಅರ್ಧದಷ್ಟು ಸಲ ಕೊನೆಗೆ ಬರುತ್ತಿತ್ತು. ಬೇಕೆಂದೇ ಮಾಡಿದ್ದರೆ ತನ್ನ ಬ್ರೌಸರನ್ನೇ ಮೂಲೆಗೆ ತಳ್ಳಿಕೊಳ್ಳುತ್ತಿರಲಿಲ್ಲ ಬಿಡಿ.

ಮಳೆಬಿಲ್ಲು

ಹಾಗಾದರೆ ಹಂಚಿನಮನೆಯವರ ಆ ತಪ್ಪು ಲೂಪೇ ನನಗೆ ಸಾಕು ಅನ್ಸುತ್ತೆ. ಮೊದಲ ಅಂಶ ಅದರಲ್ಲಿ ಸಮವಾಗಿ ಹರಡುತ್ತೆ ಅಂದಿರಿ. ನನ್ನ ಸರಿ ಉತ್ತರ ಮೊದಲನೇದೇ.

ಕವಲುದಾರಿ

ಹಾಹಾ, ತರ್ಕದಲ್ಲಿ ತಪ್ಪಿಲ್ಲ. ಸರಿ ಉತ್ತರ ನಾಲ್ಕೂ ಜಾಗಕ್ಕೆ ತಲಾ 25%. ಆದರೆ ನಾಳೆ ಯಾರೋ ಸರಿ ಉತ್ತರವನ್ನು ಎರಡನೆಯದಾಗಿ ಸೇವ್ ಮಾಡಿದ ದಿನ, ಅದು ಮೊದಲ ಆಯ್ಕೆಯಾಗಿ ಬರುವ ಸಾಧ್ಯತೆ 75/256, ಅಂದರೆ 29.3%. ನಾಲ್ಕನೆಯದಾಗಿ ಸೇವ್ ಮಾಡಿದರೆ 54/256, 21.1%. ಕೋಡ್ ಬದಲಾಗಿರುವುದಿಲ್ಲ, ಡೇಟಾ ಬದಲಾಗಿರುತ್ತದೆ, ತಪ್ಪು ಎಲ್ಲಿಂದ ಬಂತೆಂದು ಯಾರಿಗೂ ಹೊಳೆಯುವುದಿಲ್ಲ.

ಶೂನ್ಯದಿಂದ

ತಡವಾಗಿ ಬಂದೆ. ಲೂಪ್ ಸರಿಯಾಯಿತು, ಆದರೆ ಅದಕ್ಕೆ ಸಂಖ್ಯೆ ಒದಗಿಸುವ ಜನರೇಟರ್ ಬಗ್ಗೆ ಯಾರೂ ಮಾತಾಡಿಲ್ಲ. ದುಡ್ಡು ಕಟ್ಟಿ ಆಡುವ ಆಟವಾದರೆ ಅದೇ ಮುಖ್ಯ.

1999ರಲ್ಲಿ ಆನ್‌ಲೈನ್ ಪೋಕರ್ ಒಂದರ ಶಫಲ್ ಕೋಡನ್ನು, ನಮ್ಮಲ್ಲಿ ಮೋಸ ಇಲ್ಲ ಎಂದು ತೋರಿಸಲು, ಸಾರ್ವಜನಿಕವಾಗಿ ಹಾಕಿದ್ದರು. ಅದರಲ್ಲಿ ಈ ಚರ್ಚೆಯ ತಪ್ಪು ಇತ್ತು: ಪ್ರತಿ ಎಲೆಯನ್ನೂ ಇಡೀ ಕಟ್ಟಿನ ಯಾವುದೋ ಜಾಗದ ಜೊತೆ ಬದಲಿಸುವುದು. ಮೇಲಾಗಿ ರ್‍ಯಾಂಡಮ್ ಸಂಖ್ಯೆ 1ರಿಂದ 51ರವರೆಗೆ ಮಾತ್ರ ಬರುತ್ತಿತ್ತು, 52 ಬರುತ್ತಲೇ ಇರಲಿಲ್ಲ. ಆದರೆ ಆಟ ಮುರಿದದ್ದು ಇವೆರಡರಿಂದ ಅಲ್ಲ. ಜನರೇಟರಿನ ಬೀಜವನ್ನು ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳಿಂದ ತೆಗೆದುಕೊಳ್ಳುತ್ತಿದ್ದರು. ದಿನಕ್ಕೆ ಮಿಲಿಸೆಕೆಂಡು 8.64 ಕೋಟಿ, ಹಾಗಾಗಿ ಸಾಧ್ಯವಿದ್ದ ಕಟ್ಟುಗಳೂ ಅಷ್ಟೇ. ಸರ್ವರಿನ ಗಡಿಯಾರಕ್ಕೆ ತಮ್ಮ ಗಡಿಯಾರ ಹೊಂದಿಸಿಕೊಂಡಾಗ ಅದು ಸುಮಾರು ಎರಡು ಲಕ್ಷಕ್ಕೆ ಇಳಿಯಿತು. ಕೈಯಲ್ಲಿರುವ ಎರಡು ಎಲೆ, ಮೇಜಿನ ಮೇಲೆ ಬಿದ್ದ ಮೂರು ಎಲೆ ನೋಡಿದರೆ ಸಾಕು, ಉಳಿದ ಕಟ್ಟೆಲ್ಲ ಗೊತ್ತಾಗುತ್ತಿತ್ತು.

32 ಬಿಟ್ ಬೀಜ ಎಂದರೆ 429 ಕೋಟಿ ಚಿಲ್ಲರೆ ಆರಂಭಗಳು. 13 ಅಂಶಗಳ ಕ್ರಮಗಳೇ 622 ಕೋಟಿ ದಾಟುತ್ತವೆ. ಅಂದರೆ ಫಿಶರ್-ಯೇಟ್ಸ್ ಎಷ್ಟೇ ಸರಿಯಿದ್ದರೂ, 13 ಅಂಶಗಳಲ್ಲೇ ಕೆಲವು ಕ್ರಮಗಳು ಮೊದಲ ಶಫಲ್‌ನಲ್ಲಿ ಹುಟ್ಟುವುದೇ ಇಲ್ಲ. 90ರ ಮಾತು ಬಿಡಿ.

ಧಾರವಾಡ_ಪೇಢಾ

ಎಲ್ಲಾ ಕ್ರಮ ಹುಟ್ಟಬೇಕು ಅನ್ನೂದು ಯಾಕ ಬೇಕ್ರಿ? ಭೂಮಿ ಮ್ಯಾಲ ಎಲ್ಲಾರೂ ಸಾಯೂತನಕ ತಂಬೋಲಾ ಆಡಿದ್ರೂ 90ರ ಕ್ರಮಗಳೊಳಗ ಒಂದು ಚೂರೂ ಮುಗಿಯಂಗಿಲ್ಲ. ನೋಡಾವ್ರಿಗೆ ಯಾವ ವ್ಯತ್ಯಾಸನೂ ಕಾಣದಿದ್ರ ಅದು ಸರಿನ.

ಶೂನ್ಯದಿಂದ

ವಾಲು ಕಾಣದಿರುವುದು ಬೇರೆ, ಮುಂದಿನದನ್ನು ಊಹಿಸಲಾಗದಿರುವುದು ಬೇರೆ. ಮೊದಲನೆಯದಕ್ಕೆ ನಿಮ್ಮ ಮಾತು ಸರಿ. ಎರಡನೆಯದಕ್ಕೆ ಅಲ್ಲ. `Math.random()` ಊಹಿಸಲಾಗದಂತೆ ಮಾಡಿದ್ದಲ್ಲ, ದುಡ್ಡಿನ ಆಟಕ್ಕೆ `crypto.getRandomValues` ಬೇಕು. ಪೈಥಾನ್‌ನಲ್ಲಿ ಆದರೆ `random.SystemRandom().shuffle(a)`. ಅಲ್ಲಿ ಕೈಯಾರೆ ಲೂಪ್ ಬರೆಯುವ ಕೆಲಸವೂ ಇಲ್ಲ.

`getRandomValues` ಬಳಸುವಾಗ ಸಿಕ್ಕ ಸಂಖ್ಯೆಯನ್ನು ಸೀದಾ `%` ಮಾಡಬೇಡಿ, ಮೊದಲ ಕೆಲವು ಇಂಡೆಕ್ಸ್‌ಗಳಿಗೆ ಒಂದೊಂದು ಹೆಚ್ಚು ಸಿಗುತ್ತದೆ. ಒಂದು ಬೈಟ್ ತೆಗೆದುಕೊಂಡು 90ರಿಂದ ಭಾಗಿಸಿದರೆ 0ಯಿಂದ 75ರವರೆಗಿನ ಶೇಷಗಳಿಗೆ ಮೂರು ಮೂರು ಬೈಟ್, 76ರಿಂದ 89ಕ್ಕೆ ಎರಡೆರಡೇ. 180 ಅಥವಾ ಹೆಚ್ಚು ಬಂದರೆ ಎಸೆದು ಇನ್ನೊಂದು ಬೈಟ್ ಕೇಳಿ, ಆಗ ಎಲ್ಲಕ್ಕೂ ಎರಡೆರಡು. ಈ ಗಡಿಯನ್ನು ಪ್ರತಿ `i`ಗೂ ಹೊಸದಾಗಿ ಲೆಕ್ಕ ಹಾಕಬೇಕು, 180 ಎಂದು ಬರೆದಿಟ್ಟು ಕೂರಬಾರದು.

ಹಂಚಿನಮನೆ

ದುಡ್ಡಿನ ಆಟ ಅಲ್ಲ, ಸಂಘದ ವಾರ್ಷಿಕೋತ್ಸವಕ್ಕೆ. ಬಹುಮಾನ ಅಂದ್ರೆ ಸ್ಟೀಲ್ ಡಬ್ಬ. ಆದ್ರೂ ಒಂದು ಅನುಮಾನ: ಮೊದಲೇ 90ನ್ನೂ ಕಲೆಸಿ ಇಡಬೇಕಾ, ಅಥವಾ ಒಂದೊಂದು ಸಲ ಬಟನ್ ಒತ್ತಿದಾಗ ಒಂದು ತೆಗೆದ್ರೆ ಸಾಕಾ?

ಕವಲುದಾರಿ

ಬಟನ್‌ಗೊಂದು ಸುತ್ತು ಸಾಕು. ಫಿಶರ್-ಯೇಟ್ಸ್‌ನ ಒಂದೊಂದು ಸುತ್ತೂ ಒಂದೊಂದು ಜಾಗವನ್ನು ಪೂರ್ತಿ ತೀರ್ಮಾನಿಸಿ ಮುಂದೆ ಹೋಗುತ್ತದೆ. `i`ಯನ್ನು 89ರಿಂದ ಇಳಿಸುತ್ತಾ ಬನ್ನಿ, ಸುತ್ತು ಮುಗಿದ ಕೂಡಲೇ `a[i]`ಯನ್ನು ಕೂಗಿ. ಕೊನೆಗೆ ಉಳಿಯುವ `a[0]`ಗೆ ಸುತ್ತೇ ಬೇಡ. ಹೌಸ್‌ಫುಲ್ 60ನೇ ನಂಬರಿಗೇ ಆಗಿಬಿಟ್ಟರೆ ಉಳಿದ 30ನ್ನು ಕಲೆಸುವ ಕೆಲಸವೇ ಇಲ್ಲ. 1938ರಲ್ಲಿ ಫಿಶರ್ ಮತ್ತು ಯೇಟ್ಸ್ ತಮ್ಮ ಸಂಖ್ಯಾಕೋಷ್ಟಕಗಳ ಪುಸ್ತಕದಲ್ಲಿ ಕೊಟ್ಟದ್ದೂ ಹೀಗೆಯೇ: ಉಳಿದವುಗಳಲ್ಲಿ ಒಂದನ್ನು ಆರಿಸು, ಹೊಡೆದುಹಾಕು, ಮತ್ತೆ ಉಳಿದವುಗಳಲ್ಲಿ ಇನ್ನೊಂದು. ಕಾಗದ ಪೆನ್ಸಿಲ್ಲಿನ ಕೆಲಸ. ಹೊಡೆದುಹಾಕುವ ಬದಲು ಅದೇ ಅರೇಯ ತುದಿಗೆ ಸರಿಸುವ ಈಗಿನ ರೂಪ 1964ರಲ್ಲಿ ಡರ್ಸ್ಟನ್‌ಫೆಲ್ಡ್ ಬರೆದದ್ದು.

ಶೂನ್ಯದಿಂದ

ನಾನು ಒಪ್ಪುವುದಿಲ್ಲ, ಮೊದಲೇ ಕಲೆಸಿಡುವುದು ಒಳ್ಳೆಯದು. ಆಟಕ್ಕೆ ಮುಂಚೆ ಇಡೀ ಕ್ರಮದ ಜೊತೆ ಒಂದು ಉದ್ದನೆಯ ರ್‍ಯಾಂಡಮ್ ಸಾಲು ಸೇರಿಸಿ, ಅದರ ಹ್ಯಾಶ್ ತೆಗೆದು ಗೋಡೆಗೆ ಅಂಟಿಸಿ. ಆಟ ಮುಗಿದ ಮೇಲೆ ಎರಡನ್ನೂ ತೋರಿಸಿ. ನಡುವೆ ಯಾರೂ ನಂಬರ್ ಬದಲಿಸಿಲ್ಲ ಎಂದು ಯಾರು ಬೇಕಾದರೂ ತಾಳೆ ನೋಡಬಹುದು. ಬಟನ್‌ಗೊಂದು ತೆಗೆದರೆ ಅದು ಸಾಧ್ಯವಿಲ್ಲ.

ಕವಲುದಾರಿ

ಆದರೆ ಮೊದಲೇ ಕಲೆಸಿಟ್ಟರೆ ಇಡೀ ಕ್ರಮ ಆ ಪೇಜಿನ ಮೆಮೊರಿಯಲ್ಲಿ ಕೂತಿರುತ್ತದೆ. ಲ್ಯಾಪ್‌ಟಾಪ್ ಹತ್ತಿರ ಕೂತವರು ಕನ್ಸೋಲ್ ತೆರೆದು `a` ಎಂದು ಬರೆದರೆ ಮುಗಿಯಿತು. ತೆಗೆಯದ ನಂಬರನ್ನು ಯಾರೂ ಮೊದಲೇ ನೋಡಲಾರರು.

ಗುಂಡ್ಮಿ_ಲೂಪ್

ಸ್ಟೀಲ್ ಡಬ್ಬಕ್ಕೆ ಹ್ಯಾಶ್ ಅಂಟಿಸುವುದಾ ಮಾರಾಯ್ರೆ!

ಧಾರವಾಡ_ಪೇಢಾ

ನಗಬ್ಯಾಡ್ರಿ, ಡಬ್ಬದ ಜಗಳ ದೊಡ್ಡ ಜಗಳ. ಹಂಚಿನಮನೆಯವರ, ಲ್ಯಾಪ್‌ಟಾಪ್ ಯಾರ ಕೈಯಾಗ ಇರತದ ಅದನ್ನ ಮೊದಲ ಹೇಳ್ರಿ. ಕೂಗಾವ್ರ ಆಡೂದೂ ಆಡ್ತಾರೇನು?

ಹಂಚಿನಮನೆ

ಕೂಗೋದು ಕಾರ್ಯದರ್ಶಿ. ಅವರ ಮನೆಯವರೆಲ್ಲ ಆಡ್ತಾರೆ. ಸದ್ಯಕ್ಕೆ ಬಟನ್‌ಗೊಂದು ಸುತ್ತು ಅಂತ ಬರೆದಿದೀನಿ, `abc` ಇಟ್ಟು 27,000 ಸಲ ಓಡಿಸಿದ್ರೆ ಆರೂ 4,500ರ ಹತ್ತಿರಾನೇ ಬರ್ತಿವೆ. ಹ್ಯಾಶ್ ವಿಷಯ ಸಂಘದಲ್ಲಿ ಕೇಳಿ ಹೇಳ್ತೀನಿ.